ಮೊದಲು ಬಂದವನ ಹೊಣೆ

1905ನೆಯ ಇಸವಿಯ ಮಾರ್ಚ್ 27, ಸೋಮವಾರ. ಲಂಡನ್ ನಗರದ ಡೆಪ್ಟ್‌ಫರ್ಡ್ ಎಂಬ ಭಾಗದಲ್ಲಿ ಎಣ್ಣೆ ಮತ್ತು ಬಣ್ಣಗಳನ್ನು ಮಾರುವ ಒಂದು ಅಂಗಡಿಯಿತ್ತು. ಅದರ ವ್ಯವಸ್ಥಾಪಕನಾದ ಥಾಮಸ್ ಫ್ಯಾರೋ ಎಂಬ ವೃದ್ಧನು ತನ್ನ ಹೆಂಡತಿಯೊಡನೆ ಅಂಗಡಿಯ ಮೇಲಂತಸ್ತಿನಲ್ಲಿಯೇ ವಾಸವಾಗಿದ್ದನು. ಆ ದಿನ ಬೆಳಿಗ್ಗೆ ಕೆಲಸಕ್ಕೆ ಬಂದ ಹುಡುಗನಿಗೆ ಅಂಗಡಿಯ ಬಾಗಿಲು ಇನ್ನೂ ಮುಚ್ಚಿರುವುದು ಕಂಡಿತು. ಎಷ್ಟು ತಟ್ಟಿದರೂ ಉತ್ತರವಿಲ್ಲ. ಒಳಗೆ ಹೋಗಿ ನೋಡಿದಾಗ ಮುದುಕನು ಪೆಟ್ಟು ತಿಂದು ಸತ್ತುಬಿದ್ದಿದ್ದನು; ಅವನ ಹೆಂಡತಿಯು ಮೇಲಿನ ಕೋಣೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದಳು. ನೆಲದ ಮೇಲೆ ಹಣದ ಪೆಟ್ಟಿಗೆಯೊಂದು ಬರಿದಾಗಿ ಬಿದ್ದಿತ್ತು.

ಮೊದಲು ಬಂದವನು ಒಬ್ಬ ಪೊಲೀಸ್ ಸಾರ್ಜೆಂಟ್. ಆ ಬಳಿಕ ಸ್ಕಾಟ್‌ಲೆಂಡ್ ಯಾರ್ಡಿನ ಹಿರಿಯ ಅಧಿಕಾರಿ ಮೆಲ್ವಿಲ್ ಮ್ಯಾಕ್ನಾಟನ್ ಬಂದರು. ಹಣದ ಪೆಟ್ಟಿಗೆಯ ಒಳತಟ್ಟೆಯ ಮೇಲೆ ಬೆವರಿನ ಬೆರಳು ಊರಿದಂತಹ ಒಂದು ಮಸುಕಾದ ಗುರುತನ್ನು ಅವರು ಕಂಡರು. ಕಂಡೊಡನೆ ಅವರು ಕೇಳಿದ ಪ್ರಶ್ನೆ ‘ಇದು ಯಾರದು?’ ಎಂದಲ್ಲ, ‘ಇದನ್ನು ಇಲ್ಲಿ ಯಾರಾದರೂ ಮುಟ್ಟಿದ್ದೀರಾ?’ ಎಂದು. ಈ ಪ್ರಶ್ನೆಗೆ ಬಂದ ಉತ್ತರವೇನು, ಅದರಿಂದ ಆದುದೇನು ಎಂಬುದನ್ನು ಆಮೇಲೆ ನೋಡೋಣ. ಅಪರಾಧ ನಡೆದ ಸ್ಥಳಕ್ಕೆ ಮೊದಲು ಕಾಲಿಡುವ ಪೊಲೀಸನ ಕೆಲಸವೆಲ್ಲ ಆ ಒಂದು ಪ್ರಶ್ನೆಯ ಸುತ್ತಲೇ ಇರುವುದರಿಂದ, ಅದು ಏಕೆ ಅಷ್ಟು ಮುಖ್ಯ ಎಂಬುದನ್ನು ಮೊದಲು ತಿಳಿಯಬೇಕು.

ಎರಡು ವಸ್ತುಗಳು ಒಂದನ್ನೊಂದು ಸೋಕಿದಾಗ ಒಂದರ ಅಂಶ ಇನ್ನೊಂದಕ್ಕೆ ಅಂಟಿಕೊಳ್ಳುತ್ತದೆ. ಹತ್ತಿಯ ಚೀಲವನ್ನು ಹೊತ್ತವನ ಅಂಗಿಗೆ ಎಳೆಗಳು ಅಂಟುತ್ತವೆ. ಅವನ ಬೆವರು ಚೀಲಕ್ಕೆ ಹತ್ತುತ್ತದೆ. ಫ್ರಾನ್ಸ್ ದೇಶದ ಲಿಯೋನ್ ನಗರದಲ್ಲಿ 1910ರಲ್ಲಿ ಪೊಲೀಸ್ ಪ್ರಯೋಗಾಲಯವನ್ನು ಆರಂಭಿಸಿದ ಎಡ್ಮಂಡ್ ಲೊಕಾರ್ಡ್ ಎಂಬ ವಿಜ್ಞಾನಿಯು ಈ ಸಾಮಾನ್ಯ ಸಂಗತಿಯನ್ನೇ ಅಪರಾಧ ಶೋಧನೆಯ ತಳಹದಿಯನ್ನಾಗಿ ಮಾಡಿದನು. ಕಳ್ಳನು ಮನೆಯೊಳಗೆ ಬಂದು ಹೋದನೆಂದರೆ ಅವನು ಅಲ್ಲಿ ಏನನ್ನಾದರೂ ಬಿಟ್ಟುಹೋಗಿರುತ್ತಾನೆ, ಅಲ್ಲಿಂದ ಏನನ್ನಾದರೂ ಅಂಟಿಸಿಕೊಂಡು ಹೋಗಿರುತ್ತಾನೆ. ಬೆರಳಿನ ಗುರುತು, ಕೂದಲೆಳೆ, ರಕ್ತದ ತೊಟ್ಟು, ಚಪ್ಪಲಿಯಿಂದ ಉದುರಿದ ಕೆಮ್ಮಣ್ಣು ಇವೇ ಅವನು ಬಿಟ್ಟುಹೋದ ಸಾಕ್ಷಿಗಳು.

ಆದರೆ ಈ ನಿಯಮವು ಕಳ್ಳನಿಗೆ ಮಾತ್ರ ಅನ್ವಯಿಸುವುದಿಲ್ಲ. ಅವನ ಹಿಂದೆ ಬಂದ ನೆರೆಮನೆಯವರಿಗೂ, ನೆಂಟರಿಗೂ, ಕೊನೆಗೆ ಪೊಲೀಸನಿಗೂ ಅನ್ವಯಿಸುತ್ತದೆ. ಪೊಲೀಸನ ಬೂಟು ಬೀದಿಯ ಮಣ್ಣನ್ನು ಒಳಗೆ ತರುತ್ತದೆ, ಒಳಗಿನ ರಕ್ತವನ್ನು ಹೊರಗೆ ಒಯ್ಯುತ್ತದೆ. ಅವನ ಬೆರಳು ಬಾಗಿಲ ಚಿಲಕದ ಮೇಲೆ ಹೊಸ ಗುರುತನ್ನು ಮೂಡಿಸುತ್ತದೆ. ಮೂಡಿಸುವಾಗಲೇ ಹಳೆಯದನ್ನು ಅಳಿಸುತ್ತದೆ. ಬೆರಳ ಗುರುತೆಂದರೆ ಬಹುಪಾಲು ಬೆವರಿನ ನೀರು. ಅದರಲ್ಲಿ ಸ್ವಲ್ಪ ಉಪ್ಪು, ಸ್ವಲ್ಪ ಜಿಡ್ಡು. ಅಂಗೈಯಿಂದ ಒಮ್ಮೆ ಸವರಿದರೆ ಅದು ಮಾಯವಾಗುತ್ತದೆ. ಮಾಯವಾದುದನ್ನು ಮತ್ತೆ ಮೂಡಿಸುವ ಉಪಾಯ ಯಾವ ಪ್ರಯೋಗಾಲಯದಲ್ಲಿಯೂ ಇಲ್ಲ. ಆದುದರಿಂದ ಮೊದಲು ಬಂದ ಪೊಲೀಸನ ಕೆಲಸ ಕಳ್ಳನನ್ನು ಹುಡುಕುವುದಲ್ಲ, ಸಾಕ್ಷಿಯನ್ನು ಹೆಕ್ಕುವುದೂ ಅಲ್ಲ. ಸ್ಥಳವನ್ನು ತಾನು ಕಂಡಂತೆಯೇ, ಬಲ್ಲವರು ಬರುವವರೆಗೆ ಉಳಿಸಿಕೊಳ್ಳುವುದು ಅವನ ಕೆಲಸ. ಕೇಳುವುದಕ್ಕೆ ಇದು ಸುಲಭವೆನಿಸುತ್ತದೆ; ಮಾಡುವಾಗ ಹಾಗಿರುವುದಿಲ್ಲ.

ನಮ್ಮ ಕಡೆಯ ಒಂದು ಹಳ್ಳಿಯನ್ನು ಕಲ್ಪಿಸಿಕೊಳ್ಳೋಣ. ಊರಂಚಿನ ಮನೆಯಲ್ಲಿ ಒಂಟಿಯಾಗಿದ್ದ ಮುದುಕಿಯೊಬ್ಬಳು ನಡುಮನೆಯಲ್ಲಿ ತಲೆಗೆ ಪೆಟ್ಟುಬಿದ್ದು ಒರಗಿದ್ದಾಳೆ. ಹಿತ್ತಿಲ ಬಾಗಿಲನ್ನು ಹಾರೆಯಿಂದ ಮೀಟಲಾಗಿದೆ. ಕಬ್ಬಿಣದ ಪೆಟ್ಟಿಗೆ ತೆರೆದುಕೊಂಡಿದೆ. ಹಾಲು ತರಲು ಬಂದ ಹುಡುಗಿ ಕಂಡು ಕೂಗಿಕೊಂಡಿದ್ದಾಳೆ. ಯಾರೋ 112ಕ್ಕೆ ಕರೆ ಮಾಡಿದ್ದಾರೆ. ಬೀಟಿನ ಮೇಲಿದ್ದ ಕಾನ್‌ಸ್ಟೇಬಲ್ ಮೋಟಾರು ಬೈಕಿನಲ್ಲಿ ಬಂದು ಇಳಿಯುತ್ತಾನೆ. ಅಷ್ಟು ಹೊತ್ತಿಗೆ ಅಂಗಳದಲ್ಲಿ ಮೂವತ್ತು ಜನ ನೆರೆದಿದ್ದಾರೆ.

ಇಳಿದೊಡನೆ ಅವನು ಗಡಿಯಾರವನ್ನು ನೋಡಿ ವೇಳೆಯನ್ನು ಬರೆದುಕೊಳ್ಳುತ್ತಾನೆ. ಇದು ಅತಿ ಚಿಕ್ಕ ಕೆಲಸ. ಆದರೆ ಆರು ತಿಂಗಳೋ ಎರಡು ವರ್ಷವೋ ಕಳೆದ ಮೇಲೆ ನ್ಯಾಯಾಲಯದಲ್ಲಿ ವಕೀಲರು ಕೇಳುವ ಮೊದಲ ಪ್ರಶ್ನೆ ಇದೇ ಆಗಿರುತ್ತದೆ. ಅನಂತರ ಒಳಗೆ ನುಗ್ಗದೆ ಹೊಸ್ತಿಲಲ್ಲಿ ಅರೆಗಳಿಗೆ ನಿಂತು ಕಣ್ಣಿಂದ ನೋಡುತ್ತಾನೆ, ಕಿವಿಯಿಂದ ಕೇಳುತ್ತಾನೆ, ಮೂಗಿನಿಂದಲೂ ತಿಳಿಯುತ್ತಾನೆ. ಹಲ್ಲೆ ಮಾಡಿದವನು ಇನ್ನೂ ಒಳಗೇ ಅಡಗಿರಬಹುದು. ಗ್ಯಾಸಿನ ವಾಸನೆ ಬರುತ್ತಿರಬಹುದು. ವಿದ್ಯುತ್ತಿನ ತಂತಿ ಕಿತ್ತುಬಿದ್ದಿರಬಹುದು. ಅಪಾಯವಿಲ್ಲವೆಂದು ಮನಗಂಡ ಮೇಲೆ ಹೆಜ್ಜೆಯಿಡುತ್ತಾನೆ.

ಈಗ ಅವನ ಮುಂದೆ ಎರಡು ಕರ್ತವ್ಯಗಳು ಒಂದಕ್ಕೊಂದು ಎದುರಾಗಿ ನಿಲ್ಲುತ್ತವೆ. ಸ್ಥಳವನ್ನು ಕೆಡಿಸಬಾರದು, ಮುದುಕಿಯನ್ನು ಉಳಿಸಬೇಕು. ಇಲ್ಲಿ ಸಂಶಯಕ್ಕೆ ಎಡೆಯೇ ಇಲ್ಲ. ಪ್ರಾಣವು ಮೊದಲು, ಸಾಕ್ಷಿಯು ಆಮೇಲೆ. ಉಸಿರಿದೆಯೇ ಎಂದು ನೋಡುವಾಗ, ರಕ್ತ ಸೋರುವ ಗಾಯವನ್ನು ಒತ್ತಿಹಿಡಿಯುವಾಗ ಒಂದೆರಡು ಗುರುತುಗಳು ಅಳಿದರೆ ಅಳಿಯಲಿ. ಬದುಕಿರುವವರನ್ನು ಸತ್ತರೆಂದು ಭಾವಿಸಿ ಬಿಟ್ಟುಬಿಡುವ ತಪ್ಪು ಎಲ್ಲಕ್ಕಿಂತ ಕೆಟ್ಟದ್ದು. ಅದಕ್ಕಾಗಿಯೇ ಸಾವನ್ನು ನಿರ್ಣಯಿಸುವ ಕೆಲಸವನ್ನು ವೈದ್ಯರಿಗೆ ಬಿಡಲಾಗಿದೆ.

ಆದರೆ ಪ್ರಾಣ ಉಳಿಸುವಾಗಲೂ ಅರಿತು ನಡೆಯುವ ಬಗೆಯೊಂದಿದೆ. ಕಳ್ಳನು ಬಂದಂತೆ ಕಾಣುವ ದಾರಿ ಹಿತ್ತಿಲ ಬಾಗಿಲಿನದು. ಆದುದರಿಂದ ಕಾನ್‌ಸ್ಟೇಬಲನು ಮುಂಬಾಗಿಲಿನಿಂದ, ಗೋಡೆಯ ಒಂದು ಅಂಚನ್ನು ಹಿಡಿದು ಮುದುಕಿಯ ಬಳಿಗೆ ಹೋಗುತ್ತಾನೆ. ಮರಳಿ ಬರುವಾಗಲೂ ಅದೇ ಹೆಜ್ಜೆಗಳ ಮೇಲೆ ಬರುತ್ತಾನೆ. ಆಂಬುಲೆನ್ಸಿನವರು ಬಂದಾಗ ಅವರನ್ನೂ ಅದೇ ದಾರಿಯಲ್ಲಿ ಕರೆದೊಯ್ಯುತ್ತಾನೆ. ಹತ್ತು ಜನ ಹತ್ತು ದಾರಿಯಲ್ಲಿ ನಡೆದರೆ ಇಡೀ ನೆಲ ಕೆಡುತ್ತದೆ. ಹತ್ತು ಜನ ಒಂದೇ ದಾರಿಯಲ್ಲಿ ನಡೆದರೆ ಎರಡು ಅಡಿ ಅಗಲದ ಒಂದು ಪಟ್ಟಿ ಮಾತ್ರ ಕೆಡುತ್ತದೆ. ಮುದುಕಿಯನ್ನು ಎತ್ತುವ ಮುನ್ನ ಅವಳು ಯಾವ ಕಡೆಗೆ ತಲೆಯಿಟ್ಟಿದ್ದಳು, ಕೈ ಹೇಗಿತ್ತು, ಕಂಬದಿಂದ ಎಷ್ಟು ದೂರವಿದ್ದಳು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು, ಸಾಧ್ಯವಾದರೆ ಒಂದು ಛಾಯಾಚಿತ್ರವನ್ನು ತೆಗೆದು, ಅವಳನ್ನು ಒಯ್ದ ಮೇಲೆ ಎಲ್ಲವನ್ನೂ ಬರೆದಿಡುತ್ತಾನೆ. ಗಾಯಾಳುವಿನ ಬಟ್ಟೆಯನ್ನು ಕತ್ತರಿಸಬೇಕಾದರೆ ಆಯುಧದಿಂದಾದ ಹರಿತವನ್ನು ಬಿಟ್ಟು ಬೇರೆ ಕಡೆ ಕತ್ತರಿಸುವಂತೆ ಕೇಳಿಕೊಳ್ಳುತ್ತಾನೆ. ಆ ಬಟ್ಟೆಯನ್ನು ಆಸ್ಪತ್ರೆಯಲ್ಲಿ ಎಸೆಯದೆ ಇಟ್ಟಿರಬೇಕೆಂದೂ ಹೇಳಿಕಳುಹಿಸುತ್ತಾನೆ. ರಕ್ತ ಮೆತ್ತಿದ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಒಳಗೆ ತೇವ ನಿಂತು ಬೂಷ್ಟು ಹಿಡಿದು ಕೆಡುತ್ತದೆ. ನೆರಳಿನಲ್ಲಿ ಒಣಗಿಸಿ ಕಾಗದದ ಹೊದಿಕೆಯಲ್ಲಿ ಇಟ್ಟರೆ ಕೆಡುವುದಿಲ್ಲ.

ಗಾಯಾಳು ಆಸ್ಪತ್ರೆಗೆ ಹೊರಟ ಮೇಲೆ ಉಳಿಯುವುದು ಮನೆ, ಅಂಗಳ ಮತ್ತು ಜನ. ಇನ್ನು ಸ್ಥಳಕ್ಕೆ ಎಲ್ಲೆಯನ್ನು ಕಟ್ಟಬೇಕು. ಅನುಭವವಿಲ್ಲದವನು ನಡುಮನೆಯ ಬಾಗಿಲನ್ನು ಎಳೆದುಕೊಂಡು ತನ್ನ ಕೆಲಸ ಮುಗಿಯಿತೆಂದುಕೊಳ್ಳುತ್ತಾನೆ. ಅನುಭವಿಯು ಹಾಗೆ ಮಾಡುವುದಿಲ್ಲ. ಹಲ್ಲೆ ನಡೆದುದು ನಡುಮನೆಯಲ್ಲಿಯೇ ಆದರೂ ಹಲ್ಲೆಗಾರನು ಆಕಾಶದಿಂದ ಇಳಿದು ಬಂದವನಲ್ಲ. ಅವನು ಎಲ್ಲಿಯೋ ಬೇಲಿ ದಾಟಿದ್ದಾನೆ. ಬಣವೆಯ ಮರೆಯಲ್ಲಿ ಕುಳಿತು ದೀಪ ಆರುವುದನ್ನು ಕಾದಿದ್ದಾನೆ. ಕಾಯುವಾಗ ಒಂದು ಬೀಡಿ ಸೇದಿ ತುಂಡನ್ನು ಎಸೆದಿದ್ದಾನೆ. ಓಡುವಾಗ ಹಾರೆಯನ್ನು ಬದುವಿನಲ್ಲಿ ಬಿಸಾಡಿದ್ದಾನೆ. ಬಂದ ದಾರಿ, ಕಾದ ಜಾಗ, ಓಡಿದ ದಾರಿ ಇವೆಲ್ಲವೂ ಅಪರಾಧದ ಸ್ಥಳವೇ. ಹೀಗಾಗಿ ಹಗ್ಗವನ್ನು ಮೊದಲು ವಿಶಾಲವಾಗಿಯೇ ಕಟ್ಟಬೇಕು. ವಿಶಾಲವಾಗಿ ಕಟ್ಟಿದ್ದನ್ನು ಆಮೇಲೆ ಕಿರಿದು ಮಾಡಬಹುದು. ಕಿರಿದಾಗಿ ಕಟ್ಟಿ ಆಮೇಲೆ ಹಿಗ್ಗಿಸಹೊರಟರೆ, ಹಗ್ಗದ ಹೊರಗೆ ನಿಂತಿದ್ದ ಮೂವತ್ತು ಜನ ಅದಾಗಲೇ ಬೀಡಿತುಂಡನ್ನು ಮೆಟ್ಟಿರುತ್ತಾರೆ. ಅಲ್ಲದೆ ತಾವೂ ಒಂದೆರಡನ್ನು ಎಸೆದಿರುತ್ತಾರೆ.

ಪಟ್ಟಣದ ಪೊಲೀಸರ ವಾಹನದಲ್ಲಿ ಹಳದಿ ಬಣ್ಣದ ಪಟ್ಟಿಯಿರುತ್ತದೆ. ಹಳ್ಳಿಯಲ್ಲಿ ಒಬ್ಬನೇ ಇರುವವನಿಗೆ ನೆರೆಮನೆಯಿಂದ ತಂದ ಸೇದುವ ಹಗ್ಗವೇ ಸಾಕು. ಮರ, ಬೇಲಿಗೂಟ, ನಿಲ್ಲಿಸಿದ ಗಾಡಿ ಇವಕ್ಕೆ ಸುತ್ತಿ ಕಟ್ಟಬಹುದು. ಆದರೆ ಅಪರಾಧ ನಡೆದ ಮನೆಯ ಹಗ್ಗವನ್ನು ಬಳಸಬಾರದು. ಕಳ್ಳನು ಅದನ್ನೇ ಮುಟ್ಟಿರಬಹುದಲ್ಲವೆ? ಎಲ್ಲರನ್ನೂ ಗದರಿ ಓಡಿಸುವುದಕ್ಕಿಂತ ಊರಿನ ಇಬ್ಬರು ಹಿರಿಯರನ್ನು ಕರೆದು ಮೂಲೆಗೊಬ್ಬರಂತೆ ನಿಲ್ಲಿಸಿದರೆ ಜನ ತಾವಾಗಿ ಹಿಂದೆ ಸರಿಯುತ್ತಾರೆ. ಹಾಗೆ ನಿಂತ ಹಿರಿಯರೂ ಹಗ್ಗದ ಹೊರಗೇ ಇರಬೇಕು.

ಹಗ್ಗ ಕಟ್ಟಿದ ಮೇಲೆ ಒಳಗೆ ಹೋಗುವುದಕ್ಕೆ ಒಂದೇ ಒಂದು ಬಾಗಿಲು ಉಳಿಯುತ್ತದೆ. ಆ ಬಾಗಿಲಲ್ಲಿ ಕಾನ್‌ಸ್ಟೇಬಲನು ಪುಸ್ತಕ ಹಿಡಿದು ನಿಲ್ಲುತ್ತಾನೆ. ಯಾರು, ಯಾವ ಕೆಲಸಕ್ಕೆ, ಎಷ್ಟು ಗಂಟೆಗೆ ಒಳಗೆ ಹೋದರು, ಎಷ್ಟು ಗಂಟೆಗೆ ಹೊರಗೆ ಬಂದರು ಎಂಬುದನ್ನು ಬರೆಯುತ್ತಾನೆ. ಈ ಪುಸ್ತಕವು ಸಣ್ಣವರನ್ನಷ್ಟೇ ತಡೆಯುವುದಕ್ಕೆ ಇರುವುದಲ್ಲ. ಕಷ್ಟ ಬರುವುದು ದೊಡ್ಡವರು ಬಂದಾಗ. ಊರಿನ ಪ್ರಮುಖರು ಬರುತ್ತಾರೆ. ದೂರದ ನೆಂಟರು ಅಳುತ್ತ ಬರುತ್ತಾರೆ. ಒಮ್ಮೊಮ್ಮೆ ತನಿಖೆಗೆ ಸಂಬಂಧವಿಲ್ಲದ ಮೇಲಧಿಕಾರಿಗಳೂ ‘ಒಂದು ನೋಟ ನೋಡಿಬರೋಣ’ ಎಂದು ಬರುತ್ತಾರೆ. ಮೇಲಧಿಕಾರಿಯನ್ನು ಕೆಳಗಿನವನು ಹೇಗೆ ತಡೆದಾನು? ತಡೆಯುವ ಉಪಾಯವು ಪುಸ್ತಕದಲ್ಲಿಯೇ ಇದೆ. ‘ಸ್ವಾಮಿ, ತಮ್ಮ ಹೆಸರು, ಬಂದ ಉದ್ದೇಶ ಬರೆದುಕೊಳ್ಳುತ್ತೇನೆ. ಒಳಗೆ ಹೋದವರ ಬೆರಳಚ್ಚನ್ನೂ ಬೂಟಿನ ಗುರುತನ್ನೂ ಆಮೇಲೆ ಕೇಳುತ್ತಾರೆ’ ಎಂದು ವಿನಯದಿಂದ ಹೇಳಿದರೆ, ಕೆಲಸವಿಲ್ಲದೆ ಬಂದವರು ಬಾಗಿಲಿನಿಂದಲೇ ಹಿಂದಿರುಗುತ್ತಾರೆ. ವಿನಯದ ಮಾತಿಗೆ ಇಷ್ಟು ಬಲವಿರುವ ಸಂದರ್ಭಗಳು ವಿರಳ.

ಮನೆಯವರನ್ನು ನಿಲ್ಲಿಸುವುದು ಇನ್ನೂ ಸೂಕ್ಷ್ಮವಾದ ಕೆಲಸ. ಮುದುಕಿಯ ಮಗನು ಪಟ್ಟಣದಿಂದ ಓಡಿಬಂದಿದ್ದಾನೆ. ತನ್ನ ಮನೆಯೊಳಗೆ ಹೋಗಬೇಡವೆಂದು ಅವನಿಗೆ ಹೇಳುವುದು ಹೇಗೆ? ಗಟ್ಟಿಯಾಗಿ ಹೇಳಿದರೆ ಕ್ರೌರ್ಯವಾಗುತ್ತದೆ, ಸುಮ್ಮನಿದ್ದರೆ ಸಾಕ್ಷಿ ಕೆಡುತ್ತದೆ. ‘ಅಣ್ಣಾ, ನಿಮ್ಮ ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ದಿದ್ದಾರೆ, ಮೊದಲು ಅಲ್ಲಿಗೆ ಹೋಗಿ. ಮನೆಯಲ್ಲಿ ಒಂದು ಕಡ್ಡಿಯೂ ಅಲುಗದ ಹಾಗೆ ನಾನು ನೋಡಿಕೊಳ್ಳುತ್ತೇನೆ’ ಎಂಬ ಮಾತು ಅವನಿಗೆ ಕೆಲಸವನ್ನೂ ಕೊಡುತ್ತದೆ, ಸಮಾಧಾನವನ್ನೂ ಕೊಡುತ್ತದೆ.

ಇದೇ ವೇಳೆಯಲ್ಲಿ ಮೊದಲು ಕಂಡ ಹುಡುಗಿಯನ್ನೂ, ರಾತ್ರಿ ನಾಯಿ ಬೊಗಳಿದ್ದನ್ನು ಕೇಳಿದೆನೆನ್ನುವ ನೆರೆಯವನನ್ನೂ ಬೇರೆ ಬೇರೆ ಕಡೆ ಕೂರಿಸಬೇಕು. ಅವರಿಬ್ಬರೂ ಒಟ್ಟಿಗೆ ಕುಳಿತು ಮಾತನಾಡಿದರೆ ಒಬ್ಬರು ಕಂಡದ್ದು ಇನ್ನೊಬ್ಬರ ನೆನಪಿನಲ್ಲಿ ಸೇರಿಹೋಗುತ್ತದೆ. ಅವರು ಸುಳ್ಳು ಹೇಳುತ್ತಾರೆಂದು ಇದರ ಅರ್ಥವಲ್ಲ. ಪ್ರಾಮಾಣಿಕರ ನೆನಪೂ ಹಾಗೆ ಬೆರೆಯುತ್ತದೆ. ನೆಲದಂತೆ ನೆನಪನ್ನೂ ತುಳಿಯದೆ ಕಾಯಬೇಕಾಗುತ್ತದೆ. ಹೆಸರು, ವಿಳಾಸ, ಅವರು ತಾವಾಗಿ ಆಡಿದ ಮೊದಲ ಮಾತು ಇಷ್ಟನ್ನು ಬರೆದುಕೊಂಡರೆ ಸಾಕು. ದೀರ್ಘವಾದ ವಿಚಾರಣೆಯು ತನಿಖಾಧಿಕಾರಿಯ ಕೆಲಸ.

ಇನ್ನು ಕಾನ್‌ಸ್ಟೇಬಲನು ತನ್ನನ್ನು ತಾನೇ ತಡೆದುಕೊಳ್ಳಬೇಕಾದ ಸಂಗತಿಗಳಿಗೆ ಬರೋಣ. ಸೆಕೆಯಾಗುತ್ತದೆ; ಫ್ಯಾನು ಹಾಕಬಾರದು. ಫ್ಯಾನಿನ ಗಾಳಿಯು ಕೂದಲೆಳೆಯನ್ನು ಹಾರಿಸುತ್ತದೆ, ಸ್ವಿಚ್ಚಿನ ಮೇಲೆ ಕಳ್ಳನ ಬೆರಳಿದ್ದರೆ ಅದನ್ನು ಇವನ ಬೆರಳು ಅಳಿಸುತ್ತದೆ. ಬಾಯಾರುತ್ತದೆ, ಆ ಮನೆಯ ಕೊಡದ ನೀರನ್ನು ಮುಟ್ಟಬಾರದು. ಅಲ್ಲಿಯ ನಲ್ಲಿಯಲ್ಲಿ ಕೈತೊಳೆಯಬಾರದು, ಬಚ್ಚಲನ್ನು ಬಳಸಬಾರದು; ಹಲ್ಲೆಗಾರನು ರಕ್ತದ ಕೈಯನ್ನು ಅಲ್ಲಿಯೇ ತೊಳೆದಿರಬಹುದು. ಎಲೆ ಅಡಿಕೆ ಹಾಕಿ ಉಗುಳಬಾರದು, ಬೀಡಿ ಸಿಗರೇಟು ಸೇದಬಾರದು, ಕುರ್ಚಿಯ ಮೇಲೆ ಕೂರಬಾರದು. ತೆರೆದ ಬಾಗಿಲು ತೆರೆದೇ ಇರಲಿ, ಉರಿಯುವ ದೀಪ ಉರಿಯುತ್ತಲೇ ಇರಲಿ. ದೀಪವು ಉರಿಯುತ್ತಿತ್ತು ಎಂಬುದೇ ಮುಂದೊಂದು ದಿನ ಹಲ್ಲೆಯ ವೇಳೆಯನ್ನು ಹೇಳಬಹುದು. ಸತ್ತವರಿದ್ದರೆ ಮರುಕದಿಂದ ಅದೇ ಮನೆಯ ಹೊದಿಕೆಯನ್ನು ತಂದು ಮುಚ್ಚುವುದುಂಟು. ಮರುಕವೇನೋ ಸಹಜ, ಆದರೆ ಆ ಹೊದಿಕೆಯಲ್ಲಿದ್ದ ಮನೆಮಂದಿಯ ಕೂದಲೆಲ್ಲ ಶವದ ಮೇಲೆ ಉದುರುತ್ತದೆ. ಜನರ ಕಣ್ಣಿಗೆ ಬೀಳದಂತೆ ದೂರದಲ್ಲಿ ಒಂದು ಪರದೆ ಕಟ್ಟುವುದು ಮೇಲು.

ಸಿನಿಮಾಗಳು ಈ ವಿಷಯದಲ್ಲಿ ಕೆಟ್ಟ ಗುರುಗಳು. ಅಲ್ಲಿ ಜಾಣ ಪತ್ತೇದಾರನು ಬಿದ್ದ ಪಿಸ್ತೂಲಿನ ನಳಿಗೆಯೊಳಗೆ ಪೆನ್ಸಿಲು ತೂರಿಸಿ ಎತ್ತುತ್ತಾನೆ, ಪ್ರೇಕ್ಷಕರು ಮೆಚ್ಚುತ್ತಾರೆ. ನಿಜದಲ್ಲಿ ನಳಿಗೆಯ ಒಳಮೈಯಲ್ಲಿ ಅಂಟಿರುವ ಮಸಿಯೂ ಗೆರೆಗಳೂ ಗುಂಡನ್ನು ಗುರುತಿಸುವವರಿಗೆ ಬೇಕಾದ ಸಾಕ್ಷಿ. ಪೆನ್ಸಿಲು ಅವನ್ನೇ ಕೆಡಿಸುತ್ತದೆ. ಇದಕ್ಕಿಂತಲೂ ಮುಖ್ಯವಾಗಿ, ಮೊದಲು ಬಂದವನು ಆಯುಧವನ್ನು ಎತ್ತಲೇಬಾರದು. ಅದು ಬಿದ್ದ ಜಾಗವೂ ಬಿದ್ದ ಬಗೆಯೂ ಆಯುಧದಷ್ಟೇ ಬೆಲೆಯುಳ್ಳವು.

ಎತ್ತಲೇಬೇಕಾದ, ಮುಚ್ಚಲೇಬೇಕಾದ ಸಂದರ್ಭಗಳಿಲ್ಲವೆಂದಲ್ಲ. ನಮ್ಮ ಕಲ್ಪನೆಯ ಹಳ್ಳಿಯಲ್ಲಿ ಮೋಡ ಕವಿದಿದೆ ಎಂದುಕೊಳ್ಳಿ. ಬಣವೆಯ ಪಕ್ಕದ ಹಸಿಮಣ್ಣಿನಲ್ಲಿ ಒಂದು ಚಪ್ಪಲಿಯ ಗುರುತು ಸ್ಪಷ್ಟವಾಗಿ ಮೂಡಿದೆ. ಇನ್ನು ಕಾಲು ಗಂಟೆಯಲ್ಲಿ ಮಳೆ ಹನಿಯುತ್ತದೆ. ತಜ್ಞರು ಬರುವುದಕ್ಕೆ ಎರಡು ಗಂಟೆ ಬೇಕು. ‘ಏನನ್ನೂ ಮುಟ್ಟಬಾರದು’ ಎಂಬ ನಿಯಮವನ್ನು ಹಿಡಿದು ಸುಮ್ಮನೆ ನಿಂತವನು ನಿಯಮವನ್ನು ಪಾಲಿಸಿ ಸಾಕ್ಷಿಯನ್ನು ಕಳೆದಂತಾಗುತ್ತದೆ. ಇಲ್ಲಿ ಮಾಡಬೇಕಾದುದು ಇಷ್ಟು: ಮೊದಲು ಗುರುತಿನ ಪಕ್ಕದಲ್ಲಿ ಒಂದು ಅಳತೆಪಟ್ಟಿಯನ್ನಿಟ್ಟು ನೇರ ಮೇಲಿನಿಂದ ಛಾಯಾಚಿತ್ರ ತೆಗೆಯಬೇಕು. ಆಮೇಲೆ ಬೇರೆ ಮನೆಯಿಂದ ತಂದ ಒಂದು ಅಗಲವಾದ ಬೋಗುಣಿಯನ್ನು ಅಂಚು ಗುರುತಿಗೆ ತಗುಲದಂತೆ ಬೋರಲು ಹಾಕಬೇಕು. ಸುತ್ತಲೂ ನೀರು ಹರಿದುಹೋಗುವಂತೆ ಮಣ್ಣಿನ ಒಂದು ಸಣ್ಣ ಕಟ್ಟೆಯನ್ನು ಮಾಡಬೇಕು. ಬೋಗುಣಿಯನ್ನು ಎಷ್ಟು ಹೊತ್ತಿಗೆ ಇಟ್ಟೆ, ಯಾರ ಮನೆಯಿಂದ ತಂದೆ ಎಂಬುದನ್ನು ಬರೆಯಬೇಕು. ಬರೆಯದೆ ಇಟ್ಟರೆ ಆ ಬೋಗುಣಿಯೂ ಅಪರಾಧಿಯೇ ಇಟ್ಟದ್ದೆಂದು ಆಮೇಲೆ ಬಂದವರು ತಿಳಿದಾರು!

ಮೊಬೈಲ್ ಫೋನಿನ ವಿಚಾರವಾಗಿಯೂ ಒಂದು ಮಾತು ಹೇಳಬೇಕು. ಅದರಿಂದ ತೆಗೆದ ಚಿತ್ರ ತನಿಖೆಗೆ ಬಹಳ ಉಪಕಾರಿ. ಆದರೆ ಅದೇ ಚಿತ್ರವನ್ನು ಯಾರೋ ಗೆಳೆಯರಿಗೆ ಕಳುಹಿಸಿದರೆ ಅದು ಸಂಜೆಯೊಳಗೆ ಊರೂರು ಸುತ್ತುತ್ತದೆ. ಹಾರೆ ಎಲ್ಲಿ ಬಿದ್ದಿತ್ತೆಂಬುದು ಅಪರಾಧಿಗೂ ಪೊಲೀಸರಿಗೂ ಮಾತ್ರ ತಿಳಿದ ಸಂಗತಿಯಾಗಿದ್ದರೆ, ಮುಂದೆ ಒಬ್ಬನು ಅದನ್ನು ತಾನಾಗಿ ಹೇಳಿದಾಗ ಆ ಮಾತಿಗೆ ತೂಕವಿರುತ್ತದೆ. ಎಲ್ಲರೂ ಚಿತ್ರದಲ್ಲಿ ಕಂಡಿದ್ದರೆ ಆ ತೂಕ ಉಳಿಯುವುದಿಲ್ಲ.

ಮಲಿನವಾದ ಸಾಕ್ಷಿಯು ಎಷ್ಟು ದೂರ ದಾರಿ ತಪ್ಪಿಸಬಲ್ಲದೆಂಬುದಕ್ಕೆ ಜರ್ಮನಿಯಲ್ಲಿ ನಡೆದ ಒಂದು ಪ್ರಸಂಗವಿದೆ. ಒಬ್ಬರ ದೇಹದ ಕಣದಿಂದ ಅವರನ್ನು ಗುರುತಿಸುವ ಡಿ.ಎನ್.ಎ. ಪರೀಕ್ಷೆ ಈಗ ಎಲ್ಲೆಡೆ ಬಳಕೆಯಲ್ಲಿದೆ. 2007ರ ಏಪ್ರಿಲ್‌ನಲ್ಲಿ ಹೈಲ್‌ಬ್ರಾನ್ ಎಂಬ ಊರಿನಲ್ಲಿ ಒಬ್ಬ ಮಹಿಳಾ ಪೊಲೀಸಳ ಕೊಲೆಯಾಯಿತು. ಅಲ್ಲಿ ದೊರೆತ ಡಿ.ಎನ್.ಎ. ಒಬ್ಬ ಅಪರಿಚಿತ ಹೆಂಗಸಿನದು. ಅದೇ ಹೆಂಗಸಿನ ಗುರುತು ಜರ್ಮನಿ, ಆಸ್ಟ್ರಿಯ, ಫ್ರಾನ್ಸ್ ದೇಶಗಳ ಹತ್ತಾರು ಅಪರಾಧಗಳಲ್ಲಿ, ಕೊಲೆಯಿಂದ ಹಿಡಿದು ಸಣ್ಣ ಕಳವಿನವರೆಗೆ, ಸಿಕ್ಕಿತ್ತು. ಮುಖವಿಲ್ಲದ ಆ ಹೆಂಗಸನ್ನು ಪೊಲೀಸರು ವರ್ಷಗಟ್ಟಲೆ ಹುಡುಕಿದರು. 2009ರಲ್ಲಿ ನಿಜ ಹೊರಬಿದ್ದಿತು. ಅಂಥ ಅಪರಾಧಿಯೇ ಇರಲಿಲ್ಲ. ಸ್ಥಳದಲ್ಲಿ ಕಣಗಳನ್ನು ಒರೆಸಿ ತೆಗೆಯುವುದಕ್ಕೆ ಬಳಸುತ್ತಿದ್ದ ಹತ್ತಿಯ ಕಡ್ಡಿಗಳ ತಯಾರಿಕೆಯಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಹೆಂಗಸಿನ ಕಣಗಳು ಅವುಗಳಿಗೆ ಮೊದಲೇ ಅಂಟಿಕೊಂಡಿದ್ದವು. ಆ ಕಡ್ಡಿಗಳಲ್ಲಿ ರೋಗಾಣುಗಳು ಇಲ್ಲದಂತೆ ಶುದ್ಧಿ ಮಾಡಲಾಗಿತ್ತು. ಆದರೆ ರೋಗಾಣು ಸತ್ತ ಮಾತ್ರಕ್ಕೆ ಡಿ.ಎನ್.ಎ. ಅಳಿಯುವುದಿಲ್ಲ. ಇದು ಮೊದಲು ಬಂದ ಪೊಲೀಸನ ತಪ್ಪಲ್ಲ, ನಿಜ. ಆದರೆ ಕಣ್ಣಿಗೆ ಕಾಣದ ಒಂದು ಕಣ ಇಷ್ಟು ಮಾಡಬಲ್ಲುದಾದರೆ, ಕೈಗವಸಿಲ್ಲದ ಕೈಯೂ ಮುಚ್ಚದ ಬಾಯಿಯ ಕೆಮ್ಮೂ ಏನು ಮಾಡಬಲ್ಲವೆಂದು ಊಹಿಸಬಹುದು. ಕೈಗವಸು ಹಾಕಿಕೊಂಡ ಮಾತ್ರಕ್ಕೆ ನಿಶ್ಚಿಂತೆಯಿಲ್ಲ. ಒಂದು ವಸ್ತುವನ್ನು ಮುಟ್ಟಿದ ಕೈಗವಸಿನಿಂದಲೇ ಇನ್ನೊಂದನ್ನು ಮುಟ್ಟಿದರೆ ಮೊದಲನೆಯದರ ಕಣ ಎರಡನೆಯದಕ್ಕೆ ಸೇರುತ್ತದೆ. ಆದುದರಿಂದ ಅದನ್ನು ಮತ್ತೆ ಮತ್ತೆ ಬದಲಿಸಬೇಕು.

2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು, ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆ ವಿಧಿಸಬಹುದಾದ ಅಪರಾಧಗಳಲ್ಲಿ ವಿಧಿವಿಜ್ಞಾನದ ತಜ್ಞರು ಸ್ಥಳಕ್ಕೆ ಬಂದು ಸಾಕ್ಷಿಯನ್ನು ಸಂಗ್ರಹಿಸಬೇಕೆಂದೂ, ಆ ಕಾರ್ಯವನ್ನು ವೀಡಿಯೊ ಚಿತ್ರೀಕರಿಸಬೇಕೆಂದೂ ಹೇಳುತ್ತದೆ. ಇದನ್ನು ಪೂರ್ಣವಾಗಿ ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷಗಳವರೆಗೆ ಕಾಲಾವಕಾಶವನ್ನೂ ಕೊಟ್ಟಿದೆ. ತಜ್ಞರು ಎಷ್ಟು ನಿಪುಣರಾಗಿದ್ದರೂ ಅವರು ಬರುವುದು ಎರಡನೆಯವರಾಗಿ ಅಥವಾ ಮೂರನೆಯವರಾಗಿ. ಹಗ್ಗದೊಳಗೆ ಏನು ಉಳಿದಿದೆಯೋ ಅದನ್ನಷ್ಟೇ ಅವರು ಪೆಟ್ಟಿಗೆಗೆ ಹಾಕಬಲ್ಲರು.

ಅವರು ಬಂದಾಗ ಕಾನ್‌ಸ್ಟೇಬಲನು ಸ್ಥಳವನ್ನು ಒಪ್ಪಿಸಬೇಕು. ಒಪ್ಪಿಸುವುದೆಂದರೆ ಸೆಲ್ಯೂಟು ಹೊಡೆದು ಪಕ್ಕಕ್ಕೆ ಸರಿಯುವುದಲ್ಲ. ತಾನು ಬಂದ ವೇಳೆ, ಬಂದಾಗ ಕಂಡ ಸ್ಥಿತಿ, ನಡೆದ ದಾರಿ, ಒಳಗೆ ಹೋದವರ ಪಟ್ಟಿ ಇವುಗಳ ಜೊತೆಗೆ, ತಾನು ಏನೇನನ್ನು ಮುಟ್ಟಿದೆ, ಸರಿಸಿದೆ, ಕೆಡಿಸಿದೆ ಎಂಬುದನ್ನೂ ಬಾಯಲ್ಲಿ ಹೇಳಿ ಬರಹದಲ್ಲಿ ಕೊಡಬೇಕು. ಎಲ್ಲಕ್ಕಿಂತ ಕಷ್ಟವಾದುದು ಈ ಕೊನೆಯ ಬಾಬತ್ತು. ತಪ್ಪನ್ನು ಒಪ್ಪಿಕೊಂಡರೆ ಬೈಗುಳ ತಪ್ಪದೆಂಬ ಭಯ ಎಲ್ಲರಿಗೂ ಇರುತ್ತದೆ. ಇನ್ನೂ ಕೆಟ್ಟದ್ದೆಂದರೆ, ಸರಿಸಿದ ವಸ್ತುವನ್ನು ಗುಟ್ಟಾಗಿ ಮೊದಲಿದ್ದ ಕಡೆಯೇ ಇಡಲು ಹೋಗುವುದು. ಕದಲಿಸಿದ ಪಾತ್ರೆ ಮತ್ತೆ ಅದೇ ಜಾಗದಲ್ಲಿ ಅದೇ ಬಗೆಯಲ್ಲಿ ಕೂರುವುದಿಲ್ಲ. ಅದರ ಕೆಳಗಿದ್ದ ಧೂಳಿನ ವೃತ್ತ ಒಂದು ಕಡೆ, ಪಾತ್ರೆ ಒಂದು ಕಡೆ ಆಗುತ್ತದೆ. ಆ ವ್ಯತ್ಯಾಸವನ್ನು ಪ್ರತಿವಾದಿಯ ವಕೀಲರು ಛಾಯಾಚಿತ್ರದಲ್ಲಿ ಎತ್ತಿ ತೋರಿಸಿದಾಗ, ಸರಿಯಾಗಿ ಸಂಗ್ರಹಿಸಿದ ಉಳಿದ ಸಾಕ್ಷಿಗಳ ಮೇಲೂ ನ್ಯಾಯಾಧೀಶರಿಗೆ ಸಂಶಯ ಹುಟ್ಟುತ್ತದೆ.

ಈಗ ಡೆಪ್ಟ್‌ಫರ್ಡಿನ ಅಂಗಡಿಗೆ ಹಿಂದಿರುಗೋಣ. ಮ್ಯಾಕ್ನಾಟನ್ನರ ಪ್ರಶ್ನೆಗೆ ಸಾರ್ಜೆಂಟನು ಮುಂದೆ ಬಂದು, ಹಣದ ಪೆಟ್ಟಿಗೆಯನ್ನು ತಾನು ಬರಿಗೈಯಿಂದ ಪಕ್ಕಕ್ಕೆ ತಳ್ಳಿದೆನೆಂದು ಒಪ್ಪಿಕೊಂಡನು. ಮಾಡಬಾರದ ಕೆಲಸವನ್ನು ಅವನು ಮಾಡಿದ್ದನು, ಆದರೆ ಮುಚ್ಚಿಡಲಿಲ್ಲ. ಮ್ಯಾಕ್ನಾಟನ್ನರು ಕರವಸ್ತ್ರದಿಂದ ಪೆಟ್ಟಿಗೆಯನ್ನು ಎತ್ತಿ ಕಾಗದದಲ್ಲಿ ಸುತ್ತಿಸಿ ಬೆರಳಚ್ಚು ವಿಭಾಗಕ್ಕೆ ಕಳುಹಿಸಿದರು. ಆ ವಿಭಾಗಕ್ಕೆ ಆಗ ವಯಸ್ಸು ನಾಲ್ಕೇ ವರ್ಷ. ಅದನ್ನು ಸ್ಥಾಪಿಸಿದ ಎಡ್ವರ್ಡ್ ಹೆನ್ರಿ ಮೊದಲು ಬಂಗಾಳದಲ್ಲಿ ಪೊಲೀಸ್ ಮುಖ್ಯಸ್ಥರಾಗಿದ್ದವರು. ಬೆರಳಚ್ಚನ್ನು ವಿಂಗಡಿಸುವ ಪದ್ಧತಿಯನ್ನು ಅಲ್ಲಿ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಭಾರತೀಯರ ನೆರವಿನಿಂದ ರೂಪಿಸಿದ್ದರು.

ಬೆರಳಚ್ಚಿನ ತಜ್ಞ ಚಾರ್ಲ್ಸ್ ಕಾಲಿನ್ಸ್ ಮೊದಲು ಮೃತನ ಬೆರಳಚ್ಚನ್ನೂ ಅವನ ಹೆಂಡತಿಯ ಬೆರಳಚ್ಚನ್ನೂ ಹೋಲಿಸಿ ನೋಡಿದನು. ಅವು ಹೊಂದಲಿಲ್ಲ. ಆಮೇಲೆ ಸಾರ್ಜೆಂಟನ ಬೆರಳಚ್ಚನ್ನು ತೆಗೆದು ಹೋಲಿಸಿದನು. ಅದೂ ಹೊಂದಲಿಲ್ಲ. ಪೆಟ್ಟಿಗೆಯನ್ನು ಮುಟ್ಟಲು ಕಾರಣವಿದ್ದವರೆಲ್ಲರೂ ಹೀಗೆ ಒಬ್ಬೊಬ್ಬರಾಗಿ ಹೊರಗುಳಿದ ಮೇಲೆಯೇ ಆ ಗುರುತು ಬೇರೆ ಯಾರದೋ ಎಂದು ಹೇಳುವ ಧೈರ್ಯ ಬಂದಿತು. ಸಾರ್ಜೆಂಟನು ಬಾಯಿ ಬಿಡದೆ ಇದ್ದು, ಅವನು ಮುಟ್ಟಿದ ಸಂಗತಿಯು ವಿಚಾರಣೆಯ ನಡುವೆ ಹೊರಬಿದ್ದಿದ್ದರೆ, ‘ಈ ಗುರುತು ಪೊಲೀಸನದೇ ಏಕಿರಬಾರದು?’ ಎಂಬ ಒಂದೇ ಪ್ರಶ್ನೆಗೆ ಮೊಕದ್ದಮೆ ಉರುಳುತ್ತಿತ್ತು.

ಆ ದಿನ ಬೆಳಿಗ್ಗೆ ಇಬ್ಬರು ಗಂಡಸರು ಅಂಗಡಿಯಿಂದ ಹೊರಬಂದುದನ್ನು ಹಾಲಿನವನೊಬ್ಬನು ಕಂಡಿದ್ದನು. ವಿಚಾರಿಸುತ್ತ ಹೋದ ಪೊಲೀಸರು ಆಲ್‌ಫ್ರೆಡ್ ಮತ್ತು ಆಲ್ಬರ್ಟ್ ಸ್ಟ್ರ್ಯಾಟನ್ ಎಂಬ ಸಹೋದರರನ್ನು ಹಿಡಿದರು. ಆದರೆ ಅಂಗಡಿಯಿಂದ ಬಂದವರು ಇವರೇ ಎಂದು ಹಾಲಿನವನಿಗೆ ಗುರುತಿಸಲಾಗಲಿಲ್ಲ. ಪೆಟ್ಟಿಗೆಯ ತಟ್ಟೆಯ ಮೇಲಿನ ಗುರುತು ಆಲ್‌ಫ್ರೆಡ್‌ನ ಬಲಗೈಯ ಹೆಬ್ಬೆರಳಿಗೆ ಹೊಂದಿತು. ಬೆರಳಚ್ಚು ಎಂದು ಊರಿದ್ದೆಂದು ಹೇಳಲಾರದು. ಗಿರಾಕಿಯಾಗಿ ಬಂದವನ ಬೆರಳು ಅಂಗಡಿಯ ಗಲ್ಲೆಯ ಮೇಲೆ ಬಿದ್ದಿದ್ದರೆ ಅದರಿಂದ ಏನೂ ಸಿದ್ಧವಾಗುತ್ತಿರಲಿಲ್ಲ. ಆದರೆ ಮೇಲಂತಸ್ತಿನ ಮನೆಯಲ್ಲಿ ಮುಚ್ಚಿಟ್ಟ ಪೆಟ್ಟಿಗೆಯ ಒಳತಟ್ಟೆಗೆ ಗಿರಾಕಿಯ ಬೆರಳು ತಲುಪುವ ಬಗೆಯೇ ಇರಲಿಲ್ಲ. 1905ರ ಮೇ ತಿಂಗಳಲ್ಲಿ ಲಂಡನ್ನಿನ ನ್ಯಾಯಾಲಯದಲ್ಲಿ ಕಾಲಿನ್ಸನು ಆ ಗುರುತನ್ನು ದೊಡ್ಡದು ಮಾಡಿದ ಚಿತ್ರವನ್ನು ತೋರಿಸಿ, ಗೆರೆಗಳು ಕೂಡುವ ಬಗೆಯನ್ನು ಪಂಚರಿಗೆ ಒಂದೊಂದಾಗಿ ವಿವರಿಸಿದನು. ಸಹೋದರರಿಬ್ಬರೂ ತಪ್ಪಿತಸ್ಥರೆಂದು ತೀರ್ಮಾನವಾಯಿತು. ಬ್ರಿಟನ್ನಿನಲ್ಲಿ ಬೆರಳಚ್ಚಿನ ಆಧಾರದಿಂದ ಕೊಲೆಯೊಂದು ಸಿದ್ಧವಾದುದು ಅದೇ ಮೊದಲು. ಆ ಮೊಕದ್ದಮೆಯ ಬೆರಳಚ್ಚುಗಳಲ್ಲಿ ಅಪರಾಧಿಯದರ ಜೊತೆಗೆ, ಮೊದಲು ಬಂದ ಸಾರ್ಜೆಂಟನ ಹೆಬ್ಬೆರಳಿನದೂ ಸೇರಿತ್ತು.